ಸಾಧನೆಗಳು ಕಡಿಮೆ ಇರುವಾಗ ಪ್ಲೇಸ್‌ಮೆಂಟ್ ಪೋರ್ಟಲ್‌ಗೆ ಪ್ರೊಫೈಲ್ ಸಮ್ಮರಿ ಬರೆಯುವುದು ಹೇಗೆ?

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷ ಆರಂಭವಾಗುತ್ತಿದ್ದಂತೆ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರತೊಡಗುತ್ತದೆ. ಪೋರ್ಟಲ್‌ನಲ್ಲಿ ‘ಪ್ರೊಫೈಲ್ ಸಮ್ಮರಿ’ ಎಂಬ ಖಾಲಿ ಚೌಕವಿದೆ, ಆದರೆ ನನ್ನ ಬಳಿ ಹ್ಯಾಕಥಾನ್ ಬಹುಮಾನವಿಲ್ಲ, ಪ್ರಕಟವಾದ ಪ್ರಬಂಧವಿಲ್ಲ, ಹೆಸರಾಂತ ಕಂಪನಿಯ ಇಂಟರ್ನ್‌ಶಿಪ್ ಇಲ್ಲ. ಹಾಗಾದರೆ ಅಲ್ಲಿ ಏನು ಬರೆಯಬೇಕು ಎಂಬುದೇ ಆ ಪ್ರಶ್ನೆ. ಅದಕ್ಕೆ ಒಂದು ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿಕೊಂಡು ಹೋಗುವ ಮೂಲಕ ಇಲ್ಲಿ ಉತ್ತರ ಕೊಡಲಾಗಿದೆ.

ಪ್ರೊಫೈಲ್ ಸಮ್ಮರಿ ಎಂದರೆ ನೀವು ಯಾರು, ಏನು ಮಾಡಿದ್ದೀರಿ, ಯಾವ ಕೆಲಸ ಬಯಸುತ್ತೀರಿ ಎಂಬುದನ್ನು ನಾಲ್ಕೈದು ವಾಕ್ಯಗಳಲ್ಲಿ ಹೇಳುವ ಟಿಪ್ಪಣಿ. ಅದನ್ನು ಬರೆಯಲು ಕುಳಿತುಕೊಳ್ಳುವ ಮೊದಲು, ಆಯ್ಕೆಯ ಪ್ರಕ್ರಿಯೆಯಲ್ಲಿ ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದು ಸ್ಪಷ್ಟವಿರಬೇಕು. ಮೊದಲ ಸುತ್ತಿನಲ್ಲಿ ಅಭ್ಯರ್ಥಿಗಳನ್ನು ಬೇರ್ಪಡಿಸುವುದು ಅಂಕಿಗಳ ಕಾಲಂಗಳು: ಹತ್ತನೆಯ ತರಗತಿ, ಪಿಯುಸಿ ಅಥವಾ ಡಿಪ್ಲೊಮಾ, ಬಿ.ಇ. ಅಂಕಗಳು, ವಿಭಾಗ, ತೇರ್ಗಡೆಯಾಗುವ ವರ್ಷ ಮತ್ತು ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯಗಳ ಸಂಖ್ಯೆ. ಕಂಪನಿಯು ಶೇಕಡ 60ರ ಮಿತಿ ಇಟ್ಟಿದ್ದರೆ, 58 ಇರುವವರ ಸಮ್ಮರಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಯಾರೂ ತೆರೆಯುವುದಿಲ್ಲ. ಅನಂತರದ ಆನ್‌ಲೈನ್ ಪರೀಕ್ಷೆಗೂ ಸಮ್ಮರಿಗೂ ಸಂಬಂಧವಿಲ್ಲ. ಸಂದರ್ಶನದ ದಿನ ನಿಮ್ಮ ಎದುರು ಕುಳಿತವರು, ನಿಮ್ಮನ್ನು ಒಳಗೆ ಕರೆಯುವ ಒಂದೆರಡು ನಿಮಿಷ ಮೊದಲು ಅಥವಾ ನೀವು ಕುರ್ಚಿಯಲ್ಲಿ ಕುಳಿತ ಮೇಲೆ, ನಿಮ್ಮ ಪ್ರೊಫೈಲ್‌ನ ಮೇಲ್ಭಾಗದಲ್ಲಿರುವ ಈ ನಾಲ್ಕು ಸಾಲುಗಳ ಮೇಲೆ ಕಣ್ಣಾಡಿಸುತ್ತಾರೆ ಮತ್ತು ಮೊದಲ ಪ್ರಶ್ನೆಗಳನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ.

ಆದ್ದರಿಂದ ಸಮ್ಮರಿಯನ್ನು, ನಿಮ್ಮನ್ನು ಏನು ಕೇಳಬಹುದು ಎಂದು ನೀವೇ ಮೊದಲು ಆರಿಸಿ ಕೊಡುವ ಪ್ರಶ್ನೆಗಳ ಪಟ್ಟಿ ಎಂದು ತಿಳಿದು ಬರೆಯುವುದು ಒಳ್ಳೆಯದು. ಹೀಗೆ ನೋಡಿದರೆ ಬಹುಮಾನಗಳಿಲ್ಲದಿರುವುದು ಅಷ್ಟು ದೊಡ್ಡ ಕೊರತೆಯಾಗಿ ಉಳಿಯುವುದಿಲ್ಲ, ಏಕೆಂದರೆ ಬಹುಮಾನದ ಬಗ್ಗೆ ಕೇಳಲು ಇರುವುದು ಒಂದೇ ಪ್ರಶ್ನೆ, ಕೈಯಾರೆ ಮಾಡಿದ ಒಂದು ಸಣ್ಣ ಕೆಲಸದ ಬಗ್ಗೆ ಕೇಳಲು ಹತ್ತು ಪ್ರಶ್ನೆಗಳಿರುತ್ತವೆ.

ಮೊದಲು ಎದುರಿಗೆ ಇಟ್ಟುಕೊಳ್ಳಬೇಕಾದವು

ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳು, ಮಿನಿ ಪ್ರಾಜೆಕ್ಟ್ ವರದಿ, ಇಂಟರ್ನ್‌ಶಿಪ್ ವರದಿ ಮತ್ತು ದಿನಚರಿ ಪುಸ್ತಕ, ಲ್ಯಾಬ್ ರೆಕಾರ್ಡುಗಳು, ನಿಜವಾಗಿ ಪಡೆದ ಪ್ರಮಾಣಪತ್ರಗಳು ಮತ್ತು ಒಂದು ಖಾಲಿ ನೋಟ್‌ಬುಕ್ ಇದ್ದರೆ ಸಾಕು. ಹಿರಿಯ ವಿದ್ಯಾರ್ಥಿಗಳ ಹಳೆಯ ರೆಸ್ಯೂಮೆಗಳನ್ನು ಈ ಹಂತದಲ್ಲಿ ತೆರೆಯಬೇಡಿ. ಒಂದೇ ಕಾಲೇಜಿನ ನೂರಾರು ಪ್ರೊಫೈಲ್‌ಗಳನ್ನು ಒಂದೇ ದಿನ ನೋಡುವ ಸಂದರ್ಶಕರಿಗೆ, ಯಾವುದೋ ಹಿರಿಯರ ಒಂದೇ ವಾಕ್ಯ ಅಲ್ಪಸ್ವಲ್ಪ ಬದಲಾಗಿ ಎಲ್ಲರಲ್ಲೂ ಕಾಣಿಸಿಕೊಳ್ಳುವುದು ಬಹಳ ಬೇಗ ಗೊತ್ತಾಗುತ್ತದೆ.

ಹಂತ 1: ಅಂಕಿಗಳ ಕಾಲಂಗಳನ್ನು ಮೊದಲು ಮುಗಿಸಿ

ಸಮ್ಮರಿಗೆ ಕೈ ಹಾಕುವ ಮೊದಲು ಉಳಿದ ಕಾಲಂಗಳನ್ನು ಅಂಕಪಟ್ಟಿಯನ್ನು ಮುಂದಿಟ್ಟುಕೊಂಡೇ ತುಂಬಿರಿ. ಸಿಜಿಪಿಎ, ಅಂದರೆ ಇದುವರೆಗಿನ ಎಲ್ಲ ಸೆಮಿಸ್ಟರ್‌ಗಳ ಗ್ರೇಡ್ ಅಂಕಗಳ ಸರಾಸರಿಯನ್ನು, ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆಯಬೇಕು, 6.78 ಇರುವುದನ್ನು 6.8 ಎಂದು ಮೇಲಕ್ಕೆ ಎತ್ತಬಾರದು. ಶೇಕಡಾವಾರು ಕೇಳಿದ್ದರೆ ನಿಮ್ಮ ಸ್ಕೀಮಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ನಿಗದಿ ಮಾಡಿರುವ ಸೂತ್ರವನ್ನು ಮಾತ್ರ ಬಳಸಿರಿ. ಸ್ಕೀಮ್ ಬದಲಾದಾಗ ನಿಯಮವೂ ಬದಲಾಗಬಹುದಾದ್ದರಿಂದ ಹಿರಿಯರು ಬಳಸಿದ ಸೂತ್ರ ನಿಮಗೆ ಅನ್ವಯಿಸುತ್ತದೆಂದು ಭಾವಿಸದೆ, ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಖಚಿತಪಡಿಸಿಕೊಳ್ಳಿ. ಸ್ವಾಯತ್ತ ಕಾಲೇಜಿನವರು ತಮ್ಮ ಕಾಲೇಜಿನ ನಿಯಮವನ್ನೇ ನೋಡಬೇಕು.

ಬ್ಯಾಕ್‌ಲಾಗ್ ಬಗ್ಗೆ ಪೋರ್ಟಲ್‌ಗಳು ಎರಡು ಬೇರೆ ಪ್ರಶ್ನೆಗಳನ್ನು ಕೇಳುತ್ತವೆ: ಈಗ ಬಾಕಿ ಇರುವವು ಎಷ್ಟು, ಹಿಂದೆ ಇದ್ದು ತೀರಿದವು ಎಷ್ಟು. ಮರುಮೌಲ್ಯಮಾಪನದ ಫಲಿತಾಂಶ ಬಾರದ ವಿಷಯವನ್ನು ಫಲಿತಾಂಶ ಬರುವವರೆಗೆ ಬಾಕಿ ಎಂದೇ ತೋರಿಸುವುದು ಸುರಕ್ಷಿತ. ಕೆಲಸಕ್ಕೆ ಸೇರುವ ಮುನ್ನ ಕಂಪನಿಗಳು ಅಂಕಪಟ್ಟಿಗಳನ್ನು ಪರಿಶೀಲಿಸುತ್ತವೆ ಮತ್ತು ಆಫರ್ ಪತ್ರದಲ್ಲಿ ಆ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಈ ಅಂಕಿಗಳಲ್ಲಿ ಯಾವುದನ್ನೂ ಸಮ್ಮರಿಯಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ಅವು ಪಕ್ಕದಲ್ಲಿಯೇ ಕಾಣುತ್ತಿರುತ್ತವೆ, ಇಲ್ಲಿ ಅವು ಜಾಗವನ್ನಷ್ಟೇ ತಿನ್ನುತ್ತವೆ.

ಹಂತ 2: ಕಚ್ಚಾ ಸಾಮಗ್ರಿಯನ್ನು ಬರೆದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿ. ಸಾಧನೆ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ನೋಟ್‌ಬುಕ್ ಖಾಲಿಯಾಗಿಯೇ ಉಳಿಯುತ್ತದೆ. ಅದರ ಬದಲು, ಮೂರು ವರ್ಷಗಳಲ್ಲಿ ನೀವು ಏನನ್ನು ಕಟ್ಟಿದಿರಿ, ಅಳೆದಿರಿ, ಬರೆದಿರಿ, ಬಿಚ್ಚಿ ನೋಡಿದಿರಿ ಅಥವಾ ಸರಿಪಡಿಸಿದಿರಿ ಎಂದು ಕೇಳಿಕೊಳ್ಳಿ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಿಂದ ಬಂದು ಬಾಗಲಕೋಟೆಯಲ್ಲಿ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳಿದ್ದಾಳೆ ಎಂದು ಇಟ್ಟುಕೊಳ್ಳಿ. ಅವಳ ಸಿಜಿಪಿಎ 6.78, ಒಂದು ಬ್ಯಾಕ್‌ಲಾಗ್ ಇತ್ತು, ತೀರಿದೆ. ಬಹುಮಾನಗಳಿಲ್ಲ. ನಾಲ್ವರ ತಂಡದಲ್ಲಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ದಾಳೆ: ನೀರಿಲ್ಲದೆ ಪಂಪು ಓಡುತ್ತಿದ್ದರೆ ಅದನ್ನು ತಾನಾಗಿ ನಿಲ್ಲಿಸುವ ಸಾಧನ. ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾಲ್ಕು ವಾರಗಳ ಇಂಟರ್ನ್‌ಶಿಪ್ ಆಗಿದೆ. ಆನ್‌ಲೈನ್‌ನಲ್ಲಿ ಒಂದು ಪೈಥಾನ್ ಕೋರ್ಸಿಗೆ ಹೆಸರು ನೋಂದಾಯಿಸಿದ್ದಳು, ಪರೀಕ್ಷೆ ಬರೆದಿಲ್ಲ.

ಅವಳು ಮೊದಲು ಬರೆದ ಸಮ್ಮರಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: “ನಾನು ಕಷ್ಟಪಟ್ಟು ದುಡಿಯುವ, ಬೇಗನೆ ಕಲಿಯುವ, ತಂಡದಲ್ಲಿ ಹೊಂದಿಕೊಳ್ಳುವ ಉತ್ಸಾಹಿ ಎಂಜಿನಿಯರಿಂಗ್ ವಿದ್ಯಾರ್ಥಿನಿ. ನನ್ನ ಕೌಶಲಗಳನ್ನು ಬಳಸಿ ಸಂಸ್ಥೆಯ ಬೆಳವಣಿಗೆಗೆ ಕಾಣಿಕೆ ನೀಡುವಂಥ ಸವಾಲಿನ ಹುದ್ದೆಯನ್ನು ಹುಡುಕುತ್ತಿದ್ದೇನೆ.” ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿದ ಸಂದರ್ಶಕರಿಗೆ ಕೇಳಲು ಒಂದೂ ಪ್ರಶ್ನೆ ಹುಟ್ಟುವುದಿಲ್ಲ. ಹುಟ್ಟದಿದ್ದಾಗ ಅವರು ತಮಗೆ ಇಷ್ಟವಾದ ವಿಷಯದಿಂದ ಕೇಳುತ್ತಾರೆ, ಅದು ನಿಮಗೆ ಬಾರದ ವಿಷಯವೂ ಆಗಿರಬಹುದು.

ಈಗ ಅವಳ ಪ್ರಾಜೆಕ್ಟ್ ವರದಿಯನ್ನು ತೆರೆದು, ‘ನಾವು’ ಎಂದಿರುವ ಕಡೆಯಲ್ಲೆಲ್ಲ ನಿಲ್ಲೋಣ. ನಾಲ್ವರಲ್ಲಿ ಯಾರು ಏನು ಮಾಡಿದರು? ಪೆಟ್ಟಿಗೆ ಮತ್ತು ರಿಲೇ ಜೋಡಣೆ ಒಬ್ಬರದು, ವರದಿ ಮತ್ತು ಚಿತ್ರಗಳು ಇನ್ನೊಬ್ಬರದು, ಪ್ರೋಗ್ರಾಂ ಬರೆದವರು ಇಬ್ಬರು, ಅವರಲ್ಲಿ ಇವಳೊಬ್ಬಳು. ಇದಲ್ಲದೆ ಅಳತೆಗಳನ್ನೆಲ್ಲ ತೆಗೆದವಳು ಇವಳೇ. 1 ಎಚ್‌ಪಿ ಸಿಂಗಲ್ ಫೇಸ್ ಮೋನೊಬ್ಲಾಕ್ ಪಂಪಿಗೆ ಕರೆಂಟ್ ಸೆನ್ಸರ್ ಜೋಡಿಸಿ, ನೀರು ಎತ್ತುತ್ತಿರುವಾಗ 6.1 ಆಂಪಿಯರ್, ನೀರು ನಿಂತಾಗ 4.3 ಆಂಪಿಯರ್ ಹರಿಯುವುದನ್ನು ಅವಳು ಗುರುತಿಸಿದ್ದಳು. ಕ್ಲ್ಯಾಂಪ್ ಮೀಟರ್, ಅಂದರೆ ತಂತಿಯನ್ನು ಕತ್ತರಿಸದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಉಪಕರಣದ ಓದಿನೊಂದಿಗೆ ಹೋಲಿಸಿ ಸೆನ್ಸರನ್ನು ಸರಿಹೊಂದಿಸಿದ್ದಳು. ಕಡಿತದ ಮಿತಿಯನ್ನು 5 ಆಂಪಿಯರ್‌ಗೆ ಇಟ್ಟಿದ್ದಳು. ಪಂಪು ಶುರುವಾಗಿ ನೀರು ಹಿಡಿಯುವವರೆಗೆ ಓದುಗಳು ಸ್ಥಿರವಾಗಿರುವುದಿಲ್ಲವಾದ್ದರಿಂದ ಮೊದಲ 8 ಸೆಕೆಂಡು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಪ್ರೋಗ್ರಾಂನಲ್ಲಿ ವ್ಯವಸ್ಥೆ ಮಾಡಿದ್ದಳು. ಇವೆಲ್ಲ ವರದಿಯ ನಡುವಿನ ಒಂದು ಪುಟದಲ್ಲಿ ಕೋಷ್ಟಕವಾಗಿ ಬಿದ್ದಿದ್ದವು. ಪೋರ್ಟಲ್‌ನಲ್ಲಿ ಅವಳು ಬರೆದದ್ದು ಮಾತ್ರ ‘ಸ್ಮಾರ್ಟ್ ಇರಿಗೇಶನ್ ಸಿಸ್ಟಂ’ ಎಂಬ ಮೂರು ಪದಗಳನ್ನು.

ಇಂಟರ್ನ್‌ಶಿಪ್‌ನಲ್ಲಿಯೂ ಇದೇ ಆಯಿತು. ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಸಾಮಾನ್ಯವಾಗಿ ಮಳೆಗಾಲ ಕಳೆದ ಮೇಲೆ ಆರಂಭವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ, ವಿದ್ಯಾರ್ಥಿಗಳು ಹೋಗುವುದು ಹೆಚ್ಚಾಗಿ ಸೆಮಿಸ್ಟರ್‌ಗಳ ನಡುವಿನ ರಜೆಯಲ್ಲಿ, ಕಾರ್ಖಾನೆ ನಿಂತಿರುವಾಗ. ಆದರೂ ವರದಿಗಳಲ್ಲಿ ‘ಟರ್ಬೈನ್ ಕಾರ್ಯಾಚರಣೆಯನ್ನು ಕಲಿತೆ’ ಎಂಬ ವಾಕ್ಯ ತಪ್ಪದೆ ಇರುತ್ತದೆ. ಕಾರ್ಖಾನೆಯ ಹಂಗಾಮು ಗೊತ್ತಿರುವ ಒಬ್ಬ ಸಂದರ್ಶಕರಿದ್ದರೆ ಸಾಕು, “ಯಾವ ತಿಂಗಳು ಹೋಗಿದ್ದಿರಿ?” ಎಂಬ ಒಂದೇ ಪ್ರಶ್ನೆಗೆ ಆ ವಾಕ್ಯ ಕುಸಿಯುತ್ತದೆ. ಈ ವಿದ್ಯಾರ್ಥಿನಿಯ ದಿನಚರಿ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಸಂಗತಿ ಇತ್ತು. ನಿಲುಗಡೆಯ ಅವಧಿಯ ದುರಸ್ತಿಯಲ್ಲಿ ಎಲೆಕ್ಟ್ರಿಷಿಯನ್ ಜೊತೆ ಹೋಗಿ, 18 ಮೋಟಾರುಗಳ ಇನ್ಸುಲೇಶನ್ ನಿರೋಧವನ್ನು ಮೆಗ್ಗರ್‌ನಿಂದ ಪರೀಕ್ಷಿಸುವಾಗ ಓದುಗಳನ್ನು ಬರೆದುಕೊಂಡಿದ್ದಳು. ಮೋಟಾರಿನ ಸುರುಳಿಗೂ ಅದರ ಲೋಹದ ಮೈಗೂ ನಡುವೆ ಕರೆಂಟ್ ಸೋರುತ್ತಿದೆಯೇ ಎಂದು ನೋಡುವ ಉಪಕರಣವೇ ಮೆಗ್ಗರ್.

ನೋಂದಾಯಿಸಿ ಪರೀಕ್ಷೆ ಬರೆಯದ ಕೋರ್ಸನ್ನು ಇಲ್ಲಿಗೆ ತರಬೇಡಿ. ಎನ್‌ಪಿಟಿಇಎಲ್‌ನಂಥ ಕೋರ್ಸುಗಳಲ್ಲಿ ಪಾಠ ಕೇಳುವುದು ಒಂದು, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದು ಇನ್ನೊಂದು. ಎರಡನ್ನೂ ಒಂದೇ ಪದದಲ್ಲಿ ಬರೆದರೆ ಪ್ರಮಾಣಪತ್ರ ಕೇಳಿದಾಗ ತೊಂದರೆಯಾಗುತ್ತದೆ.

ಹಂತ 3: ಎರಡನ್ನು ಮಾತ್ರ ಆರಿಸಿ, ಪ್ರಶ್ನೆಗಳಿಂದ ಪರೀಕ್ಷಿಸಿ

ನೋಟ್‌ಬುಕ್ಕಿನಲ್ಲಿ ಈಗ ಹತ್ತು ಹನ್ನೆರಡು ಸಂಗತಿಗಳಿರಬಹುದು. ಸಮ್ಮರಿಗೆ ಎರಡು ಸಾಕು. ಪ್ರತಿಯೊಂದರ ಕೆಳಗೆ, ಅದನ್ನು ಓದಿದ ಅಪರಿಚಿತರು ಕೇಳಬಹುದಾದ ಪ್ರಶ್ನೆಗಳನ್ನು ಬರೆದು, ಪುಸ್ತಕ ನೋಡದೆ ಉತ್ತರ ಹೇಳಲು ಪ್ರಯತ್ನಿಸಿ. ಮೂರನೆಯ ಪ್ರಶ್ನೆಯ ಹೊತ್ತಿಗೆ ಮಾತು ನಿಂತರೆ ಆ ಸಂಗತಿಯನ್ನು ಬಿಡಿ, ಇಲ್ಲವೇ ಹಿಂದೆ ಹೋಗಿ ಓದಿಕೊಂಡು ಬನ್ನಿ.

ಪಂಪಿನ ಪ್ರಾಜೆಕ್ಟನ್ನೇ ನೋಡೋಣ. ಮೊದಲ ಪ್ರಶ್ನೆ ಸುಲಭದ್ದು: ನೀರಿಲ್ಲದಾಗ ಕರೆಂಟ್ ಏಕೆ ಕಡಿಮೆಯಾಗುತ್ತದೆ? ನೀರನ್ನು ಎತ್ತುವ ಹೊರೆ ಇಲ್ಲದಿರುವುದರಿಂದ ಎಂದು ಯಾರಾದರೂ ಹೇಳಬಲ್ಲರು. ಎರಡನೆಯದು ಸ್ವಲ್ಪ ಒಳಗಿನದು: ಹೊರೆ ಹೆಚ್ಚುಕಡಿಮೆ ಪೂರ್ತಿ ಹೋದರೂ ಕರೆಂಟ್ ಸೊನ್ನೆಯ ಹತ್ತಿರಕ್ಕೆ ಇಳಿಯದೆ 4.3 ಆಂಪಿಯರ್‌ನಲ್ಲಿ ನಿಂತದ್ದೇಕೆ? ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರು ಹೊರೆ ಇಲ್ಲದಿದ್ದರೂ ಕಾಂತಕ್ಷೇತ್ರವನ್ನು ಉಂಟುಮಾಡಲು ಸಾಕಷ್ಟು ಕರೆಂಟನ್ನು ಎಳೆಯುತ್ತಲೇ ಇರುತ್ತದೆ ಎಂಬುದು ಅದರ ಉತ್ತರ, ಎರಡು ಓದುಗಳ ನಡುವಿನ ಅಂತರ ಕಿರಿದಾಗಿ ಮಿತಿಯನ್ನು ಇಡುವುದು ಕಷ್ಟವಾದದ್ದಕ್ಕೂ ಅದೇ ಕಾರಣ. ಮೂರನೆಯ ಪ್ರಶ್ನೆ ಕಠಿಣ: ನಿಮ್ಮ ಹಳ್ಳಿಯಲ್ಲಿ ವೋಲ್ಟೇಜ್ ಇಳಿದಾಗ ಈ ಸಾಧನ ಸರಿಯಾಗಿ ಕೆಲಸ ಮಾಡುತ್ತದೆಯೇ? ವೋಲ್ಟೇಜ್ ಬದಲಾದರೆ ಎರಡೂ ಓದುಗಳು ಬದಲಾಗುತ್ತವೆ. 5 ಆಂಪಿಯರ್ ಎಂಬ ಒಂದೇ ಮಿತಿ ಆಗ ಪಂಪನ್ನು ಸುಮ್ಮನೆ ನಿಲ್ಲಿಸಬಹುದು, ಅಥವಾ ನಿಲ್ಲಿಸಬೇಕಾದಾಗ ನಿಲ್ಲಿಸದಿರಬಹುದು. ಅವಳು ಪರೀಕ್ಷಿಸಿದ್ದು ಲ್ಯಾಬಿನ ಸ್ಥಿರ ವೋಲ್ಟೇಜಿನಲ್ಲಿ ಮಾತ್ರ.

ಈ ಮೂರನೆಯ ಉತ್ತರ ಪ್ರಾಜೆಕ್ಟಿನ ದೋಷವನ್ನು ತೋರಿಸುತ್ತದೆ ಎಂದು ಅಂಜಿ ಅದನ್ನು ಮುಚ್ಚಿಡುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಕಡಿಮೆ ಸಾಧನೆಗಳಿರುವ ವಿದ್ಯಾರ್ಥಿಯ ಬಳಿ ಇರುವ ಅತ್ಯಂತ ಬೆಲೆಯುಳ್ಳ ವಾಕ್ಯ ಇದೇ. ತನ್ನ ಸಾಧನ ಎಲ್ಲಿಯವರೆಗೆ ಕೆಲಸ ಮಾಡುತ್ತದೆ ಎಂದು ಹೇಳಬಲ್ಲವರು ಅದನ್ನು ನಿಜವಾಗಿಯೂ ಮಾಡಿದವರೇ ಇರಬೇಕು ಎಂಬುದನ್ನು ಬೇರೆ ಪ್ರಮಾಣಪತ್ರವಿಲ್ಲದೆ ಸಂದರ್ಶಕರು ಒಪ್ಪುತ್ತಾರೆ.

ಮೆಗ್ಗರ್ ಪರೀಕ್ಷೆಗೂ ಇದನ್ನೇ ಮಾಡಬೇಕು. ತಿಂಗಳುಗಟ್ಟಲೆ ನಿಂತ ಮೋಟಾರಿನ ಓದು ಏಕೆ ಕಡಿಮೆ ಬರುತ್ತದೆ, ಬಂದರೆ ಏನು ಮಾಡುತ್ತಾರೆ ಎಂದು ಕೇಳಿದರೆ, ಸುರುಳಿಗಳು ತೇವ ಹೀರಿರುತ್ತವೆ, ಬಿಸಿ ಮಾಡಿ ಒಣಗಿಸಿ ಮತ್ತೆ ಅಳೆಯುತ್ತಾರೆ ಎಂದು ಹೇಳಲು ಬರಬೇಕು. ಪರೀಕ್ಷಿಸಿದವರು ಎಲೆಕ್ಟ್ರಿಷಿಯನ್, ಬರೆದುಕೊಂಡವಳು ತಾನು ಎಂಬ ವ್ಯತ್ಯಾಸವೂ ಉತ್ತರದಲ್ಲಿ ಉಳಿಯಬೇಕು.

ಹಂತ 4: ಮೊದಲ ಕರಡನ್ನು ಕನ್ನಡದಲ್ಲಿ ಬರೆಯಿರಿ

ಪೋರ್ಟಲ್‌ಗೆ ಬೇಕಾದದ್ದು ಇಂಗ್ಲಿಷ್ ಬರಹ ಎಂಬುದು ನಿಜ. ಆದರೂ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಲು ನಾನು ಹೇಳುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಎಲ್ಲೋ ಓದಿದ ಸಿದ್ಧ ವಾಕ್ಯಗಳು ಕೈಗೆ ತಾವಾಗಿಯೇ ಬರುತ್ತವೆ; ಕನ್ನಡದಲ್ಲಿ ಅಂಥ ಸಿದ್ಧ ವಾಕ್ಯಗಳು ನಿಮ್ಮ ಬಳಿ ಇಲ್ಲದಿರುವುದರಿಂದ ನಡೆದದ್ದನ್ನೇ ಬರೆಯಬೇಕಾಗುತ್ತದೆ. ‘ನಾನು ಉತ್ಸಾಹಿ’ ಎಂದು ಮನೆಯಲ್ಲಿ ಯಾರ ಎದುರಿಗೂ ಹೇಳಲು ಬಾಯಿ ಬಾರದಿದ್ದರೆ ಕಾಗದದ ಮೇಲೂ ಅದು ಬೇಡ.

ನಾಲ್ಕು ವಾಕ್ಯಗಳ ಅಚ್ಚು ಸಾಕು. ಮೊದಲನೆಯದು ನಿಮ್ಮ ವಿಭಾಗ, ವರ್ಷ ಮತ್ತು ನೀವು ಬಯಸುವ ಕೆಲಸದ ಕ್ಷೇತ್ರ. ಎರಡನೆಯದು ಮುಖ್ಯ ಕೆಲಸ, ಅದರಲ್ಲಿ ನಿಮ್ಮ ಪಾಲು ಮತ್ತು ಒಂದೆರಡು ಅಳತೆಗಳು. ಮೂರನೆಯದು ಎರಡನೆಯ ಕೆಲಸ. ನಾಲ್ಕನೆಯದು ಉಪಕರಣಗಳು ಮತ್ತು ಪ್ರೋಗ್ರಾಂ ಭಾಷೆಗಳು, ಅವುಗಳಿಂದ ಏನು ಮಾಡಿದ್ದೀರಿ ಎಂಬ ಸುಳಿವಿನೊಂದಿಗೆ. ನಮ್ಮ ವಿದ್ಯಾರ್ಥಿನಿಯ ಕರಡು ಈಗ ಹೀಗಾಗುತ್ತದೆ:

“ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷದ ವಿದ್ಯಾರ್ಥಿನಿ; ವಿದ್ಯುತ್ ಉಪಕರಣಗಳ ನಿರ್ವಹಣೆ ಮತ್ತು ಪರೀಕ್ಷೆಯ ಕ್ಷೇತ್ರದಲ್ಲಿ ಕೆಲಸ ಬಯಸುತ್ತೇನೆ. ನೀರಿಲ್ಲದೆ ಓಡುವ 1 ಎಚ್‌ಪಿ ಪಂಪನ್ನು ಕರೆಂಟ್ ಅಳೆದು ನಿಲ್ಲಿಸುವ ಸಾಧನವನ್ನು ನಾಲ್ವರ ತಂಡದಲ್ಲಿ ತಯಾರಿಸಿದೆ; ಸೆನ್ಸರ್ ಸರಿಹೊಂದಿಸುವಿಕೆ, ಎಲ್ಲ ಅಳತೆಗಳು ಮತ್ತು ಕಡಿತದ ಪ್ರೋಗ್ರಾಂನ ಒಂದು ಭಾಗ ನನ್ನದು; ಲ್ಯಾಬ್ ವೋಲ್ಟೇಜಿನಲ್ಲಿ 5 ಆಂಪಿಯರ್ ಮಿತಿಯೊಂದಿಗೆ ಪರೀಕ್ಷಿಸಲಾಗಿದೆ. ಸಕ್ಕರೆ ಕಾರ್ಖಾನೆಯೊಂದರ ನಿಲುಗಡೆ ಅವಧಿಯ ದುರಸ್ತಿಯಲ್ಲಿ ನಾಲ್ಕು ವಾರಗಳ ಇಂಟರ್ನ್‌ಶಿಪ್ ಮಾಡಿ, 18 ಮೋಟಾರುಗಳ ಇನ್ಸುಲೇಶನ್ ಓದುಗಳನ್ನು ದಾಖಲಿಸಿದೆ. ಆರ್ಡ್ವಿನೊ ಪ್ರೋಗ್ರಾಮಿಂಗ್, ಕ್ಲ್ಯಾಂಪ್ ಮೀಟರ್ ಬಳಕೆ ಮತ್ತು ಓದುಗಳನ್ನು ಎಕ್ಸೆಲ್‌ನಲ್ಲಿ ಕೋಷ್ಟಕ ಮಾಡುವುದು ರೂಢಿಯಲ್ಲಿದೆ.”

ಇಲ್ಲಿ ಗಮನಿಸಬೇಕಾದದ್ದು ‘ಲ್ಯಾಬ್ ವೋಲ್ಟೇಜಿನಲ್ಲಿ’ ಎಂಬ ಪದವನ್ನು. ದೋಷವನ್ನು ದೊಡ್ಡದಾಗಿ ಹೇಳಿಲ್ಲ, ಮಿತಿಯನ್ನು ಗುರುತಿಸಿದೆ ಅಷ್ಟೇ; ಆದರೆ ಓದಿದವರು “ಲ್ಯಾಬ್ ಎಂದೇಕೆ ಬರೆದಿದ್ದೀರಿ?” ಎಂದು ಕೇಳುವ ಸಾಧ್ಯತೆ ಹೆಚ್ಚು, ಆ ಪ್ರಶ್ನೆಗೆ ಅವಳ ಬಳಿ ಎರಡು ನಿಮಿಷದ ಉತ್ತರ ಸಿದ್ಧವಿದೆ.

ಕಾರ್ಖಾನೆಯ ಹೆಸರಿನ ವಿಷಯದಲ್ಲಿ ಒಂದು ಮಾತು. ಬೆಂಗಳೂರು ಅಥವಾ ಪುಣೆಯಿಂದ ಬಂದವರಿಗೆ ನಮ್ಮ ಊರಿನ ಸಣ್ಣ ಸಂಸ್ಥೆಗಳ ಹೆಸರುಗಳು ಏನನ್ನೂ ಹೇಳುವುದಿಲ್ಲ. ‘ಉದ್ಯಮಬಾಗ್‌ನ ಇಂಥ ಸಂಸ್ಥೆ’ ಎಂದು ಬರೆಯುವುದಕ್ಕಿಂತ ‘ಬೆಳಗಾವಿಯ ಎರಕದ ಕಾರ್ಖಾನೆ’ ಎಂದು ಕೆಲಸದ ಬಗೆಯನ್ನು ಬರೆದರೆ ಸಮ್ಮರಿಯಲ್ಲಿ ಹೆಚ್ಚು ಪ್ರಯೋಜನ. ಸಂಸ್ಥೆಯ ಪೂರ್ಣ ಹೆಸರಿಗೆ ಇಂಟರ್ನ್‌ಶಿಪ್ ಕಾಲಂ ಬೇರೆ ಇದೆ.

ಅದೇ ವಿದ್ಯಾರ್ಥಿನಿ ಐಟಿ ಸೇವಾ ಕಂಪನಿಗೂ ಅರ್ಜಿ ಹಾಕುವುದಾದರೆ? ಸಂಗತಿಗಳನ್ನು ಬದಲಿಸುವ ಅಗತ್ಯವಿಲ್ಲ, ಒತ್ತನ್ನು ಬದಲಿಸಿದರೆ ಸಾಕು. ಮೊದಲ ವಾಕ್ಯದಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಅಥವಾ ಅಭಿವೃದ್ಧಿ ಎಂದಾಗುತ್ತದೆ, ಎರಡನೆಯದರಲ್ಲಿ ಪಂಪಿನ ಬದಲು ಪ್ರೋಗ್ರಾಂ ಮುಂದೆ ಬರುತ್ತದೆ: ಸೆನ್ಸರಿನ ಓದುಗಳು ಏರಿಳಿಯುವಾಗ ಸರಾಸರಿ ತೆಗೆದದ್ದು, ಮೊದಲ 8 ಸೆಕೆಂಡನ್ನು ಬಿಟ್ಟದ್ದು, ತಪ್ಪು ಕಡಿತ ಆಗದಂತೆ ಪರೀಕ್ಷಿಸಿದ್ದು. ಮೂರನೆಯ ವಾಕ್ಯ ಅರ್ಧಕ್ಕೆ ಇಳಿಯುತ್ತದೆ. ಕೆಲವು ಪೋರ್ಟಲ್‌ಗಳಲ್ಲಿ ಪ್ರೊಫೈಲ್ ಒಂದೇ ಇದ್ದು ರೆಸ್ಯೂಮೆಗಳನ್ನು ಮಾತ್ರ ಒಂದಕ್ಕಿಂತ ಹೆಚ್ಚು ಇಡಬಹುದು. ಅಂಥಲ್ಲಿ ಪ್ರೊಫೈಲ್‌ನ ಮೊದಲ ವಾಕ್ಯದಿಂದ ಕ್ಷೇತ್ರದ ಹೆಸರನ್ನು ತೆಗೆದು, ಎರಡು ಬಗೆಯ ಒತ್ತನ್ನು ಎರಡು ರೆಸ್ಯೂಮೆಗಳಲ್ಲಿ ಕೊಡಿ. ನಿರ್ವಹಣೆಯೂ ಬೇಕು, ಸಾಫ್ಟ್‌ವೇರೂ ಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದರೆ ಎರಡೂ ಕಡೆಯವರಿಗೆ ನೀವು ತಮ್ಮವರಲ್ಲ ಎನಿಸುತ್ತದೆ.

ಹಂತ 5: ಇಂಗ್ಲಿಷಿಗೆ ತರುವಾಗ

ಒಂದು ಕನ್ನಡ ವಾಕ್ಯಕ್ಕೆ ಒಂದು ಅಥವಾ ಎರಡು ಚಿಕ್ಕ ಇಂಗ್ಲಿಷ್ ವಾಕ್ಯಗಳನ್ನು ಬರೆಯಿರಿ. ಪ್ರತಿ ವಾಕ್ಯವನ್ನು ನೀವು ಮಾಡಿದ ಕೆಲಸದ ಕ್ರಿಯಾಪದದಿಂದ ಆರಂಭಿಸುವುದು ಈ ಬರಹದಲ್ಲಿ ರೂಢಿ: ಬಿಲ್ಟ್, ಮೆಷರ್ಡ್, ಟೆಸ್ಟೆಡ್, ರೆಕಾರ್ಡೆಡ್, ರೋಟ್. ಹೀಗೆ ಬರೆದಾಗ ‘ಐ’ ಎಂಬುದನ್ನು ಬಿಡಬಹುದು. ‘ವರ್ಕ್ಡ್ ಆನ್’ ಎಂಬುದನ್ನು ಆದಷ್ಟು ದೂರವಿಡಿ, ಏಕೆಂದರೆ ನಾಲ್ವರಲ್ಲಿ ಏನೂ ಮಾಡದೆ ಕುಳಿತವರೂ ಅದನ್ನೇ ಬರೆಯುತ್ತಾರೆ. ಮುಗಿದ ಕೆಲಸಕ್ಕೆ ಭೂತಕಾಲ, ಈಗ ನಡೆಯುತ್ತಿರುವ ಅಂತಿಮ ವರ್ಷದ ಪ್ರಾಜೆಕ್ಟಿಗೆ ವರ್ತಮಾನಕಾಲ. ಇನ್ನೂ ಮುಗಿಯದ ಪ್ರಾಜೆಕ್ಟನ್ನು ಮುಗಿದಂತೆ ಬರೆದರೆ ಫಲಿತಾಂಶವೇನು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

‘ಹಾರ್ಡ್‌ವರ್ಕಿಂಗ್’, ‘ಕ್ವಿಕ್ ಲರ್ನರ್’, ‘ಪ್ಯಾಷನೇಟ್’, ‘ಟೀಮ್ ಪ್ಲೇಯರ್’ ಎಂಬ ಪದಗಳು ಎಲ್ಲಾದರೂ ನುಸುಳಿದ್ದರೆ ಅಳಿಸಿ. ಅಳಿಸಿದ ಮೇಲೆ ವಾಕ್ಯದಲ್ಲಿ ಏನೂ ಉಳಿಯದಿದ್ದರೆ ಆ ವಾಕ್ಯವನ್ನೇ ಅಳಿಸಿ. ಉದ್ದ 60ರಿಂದ 90 ಇಂಗ್ಲಿಷ್ ಪದಗಳೊಳಗೆ ನಿಲ್ಲಲಿ. ವ್ಯಾಕರಣವನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿ ತಿದ್ದಿಸಿಕೊಳ್ಳಿ, ಆದರೆ ನೀವು ಬಾಯಲ್ಲಿ ಹೇಳಲಾಗದ ಪದಗಳನ್ನು ಅವರು ಸೇರಿಸಲು ಬಿಡಬೇಡಿ. ಸಂದರ್ಶನದಲ್ಲಿ ನಿಮ್ಮ ಮಾತಿನ ಇಂಗ್ಲಿಷಿಗೂ ಪರದೆಯ ಮೇಲಿನ ಇಂಗ್ಲಿಷಿಗೂ ಬಹಳ ಅಂತರವಿದ್ದರೆ ಬರೆದವರು ಯಾರು ಎಂಬ ಸಂಶಯ ಮೊದಲ ನಿಮಿಷದಲ್ಲೇ ಏಳುತ್ತದೆ.

ಹಂತ 6: ಪೋರ್ಟಲ್‌ನಲ್ಲಿ ತುಂಬುವುದು

ವರ್ಡ್‌ನಿಂದ ನೇರವಾಗಿ ಅಂಟಿಸಿದರೆ ಬುಲೆಟ್ ಗುರುತುಗಳು, ಓಮ್ ಮತ್ತು ಡಿಗ್ರಿ ಚಿಹ್ನೆಗಳು, ಓರೆ ಉದ್ಧರಣ ಚಿಹ್ನೆಗಳು ಕೆಲವು ಪೋರ್ಟಲ್‌ಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ನೋಟ್‌ಪ್ಯಾಡ್‌ಗೆ ಒಮ್ಮೆ ಅಂಟಿಸಿ, ಉಳಿದ ಬುಲೆಟ್ ಗುರುತುಗಳನ್ನು ಅಳಿಸಿ, ಓರೆ ಉದ್ಧರಣ ಚಿಹ್ನೆಗಳನ್ನು ನೇರ ಚಿಹ್ನೆಗಳಾಗಿ ಬದಲಿಸಿ ಅಲ್ಲಿಂದ ನಕಲು ಮಾಡಿ. ಓಮ್, ಡಿಗ್ರಿ ಚಿಹ್ನೆಗಳ ಬದಲು ಪದಗಳನ್ನೇ ಬರೆಯಿರಿ. ಚೌಕದ ಕೆಳಗಿನ ಅಕ್ಷರಗಳ ಮಿತಿಯನ್ನು ನೋಡಿ. ಲಿಂಕ್ಡ್‌ಇನ್‌ನ ಪರಿಚಯ ಭಾಗದಲ್ಲಿ 2,600 ಅಕ್ಷರಗಳಿಗೆ ಜಾಗವಿದೆ, ಕಾಲೇಜಿನ ಪೋರ್ಟಲ್‌ಗಳಲ್ಲಿ ಅಷ್ಟು ಸಿಗುವುದು ಕಡಿಮೆ. ಎರಡಕ್ಕೂ ಒಂದೇ ಚಿಕ್ಕ ಬರಹ ಸಾಲುತ್ತದೆ. ಉಳಿಸಿದ ನಂತರ ಪ್ರಿವ್ಯೂ ಅಥವಾ ಪಿಡಿಎಫ್ ತೆರೆದು ಕೊನೆಯ ವಾಕ್ಯ ಅರ್ಧಕ್ಕೆ ಕತ್ತರಿಸಿಲ್ಲವೆಂದು ನೋಡಿ.

ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗವು ಪ್ರೊಫೈಲನ್ನು ಪರಿಶೀಲಿಸಿ ಒಪ್ಪಿದ ಮೇಲೆ ಬದಲಾವಣೆಗಳಿಗೆ ಬೀಗ ಬೀಳುವ ವ್ಯವಸ್ಥೆ ಹಲವು ಕಡೆ ಇದೆ. ಹಾಗಾಗಿ ಕೊನೆಯ ದಿನ ತಾತ್ಕಾಲಿಕವಾಗಿ ಏನೋ ತುಂಬಿ ಆಮೇಲೆ ಸರಿಪಡಿಸುತ್ತೇನೆ ಎಂದುಕೊಳ್ಳುವುದು ಅಪಾಯ.

ಹಂತ 7: ಬೇರೆ ವಿಭಾಗದವರಿಂದ ಓದಿಸಿ

ನಿಮ್ಮ ಸಮ್ಮರಿಯನ್ನು ಬೇರೆ ವಿಭಾಗದ ಗೆಳೆಯರೊಬ್ಬರಿಗೆ ಕೊಟ್ಟು, ಓದಿದ ಕೂಡಲೇ ಹೊಳೆದ ಮೂರು ಪ್ರಶ್ನೆಗಳನ್ನು ಬರೆದುಕೊಡಲು ಹೇಳಿ. ಎಲೆಕ್ಟ್ರಿಕಲ್‌ನವರು ಸಿವಿಲ್‌ನವರಿಗೆ, ಕಂಪ್ಯೂಟರ್ ಸೈನ್ಸ್‌ನವರು ಮೆಕ್ಯಾನಿಕಲ್‌ನವರಿಗೆ ತೋರಿಸಬಹುದು. ಅವರ ಪ್ರಶ್ನೆಗಳು ಹಂತ 3ರಲ್ಲಿ ನೀವು ಬರೆದವುಗಳ ಹತ್ತಿರ ಬಂದರೆ ಬರಹ ಸರಿಯಾಗಿದೆ. ಅವರಿಗೆ ಪ್ರಶ್ನೆಯೇ ಹೊಳೆಯದಿದ್ದರೆ ವಾಕ್ಯಗಳು ಇನ್ನೂ ಪೊಳ್ಳಾಗಿವೆ ಎಂದರ್ಥ, “ಇದೆಂದರೇನು?” ಎಂಬ ಒಂದೇ ಪ್ರಶ್ನೆ ಮೂರು ಬಾರಿ ಬಂದರೆ ಪರಿಭಾಷೆ ಹೆಚ್ಚಾಗಿದೆ ಎಂದರ್ಥ, ಏಕೆಂದರೆ ಸಂದರ್ಶನದಲ್ಲಿ ಅದನ್ನು ಓದುವ ಮಾನವ ಸಂಪನ್ಮೂಲ ವಿಭಾಗದವರು ಎಂಜಿನಿಯರ್‌ಗಳೇ ಆಗಿರಬೇಕೆಂದಿಲ್ಲ.

ಪದೇ ಪದೇ ಬರುವ ಕೆಲವು ಸಂದರ್ಭಗಳು

ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಹೊರಗಿನಿಂದ ತಂದಿದ್ದರೆ ಅದನ್ನು ಸಮ್ಮರಿಯಲ್ಲಿ ಬರೆಯಬೇಡಿ. ಪ್ರಾಜೆಕ್ಟ್ ಕಾಲಂನಲ್ಲಿ ಕಾಲೇಜಿನ ದಾಖಲೆಯಂತೆ ಅದರ ಹೆಸರು ಹೇಗೂ ಇರುತ್ತದೆ. ಸಮ್ಮರಿಗೆ ಒಂದು ಲ್ಯಾಬ್ ಪ್ರಯೋಗವನ್ನು ತೆಗೆದುಕೊಂಡು, ವಿಭಾಗದ ಅನುಮತಿ ಪಡೆದು ಮತ್ತೊಮ್ಮೆ ಮಾಡಿ, ಓದುಗಳನ್ನು ಸ್ವಂತವಾಗಿ ಬರೆದುಕೊಳ್ಳಿ. ಕಂಪ್ಯೂಟರ್ ಸೈನ್ಸ್‌ನವರಾದರೆ ಹಾಸ್ಟೆಲ್ ಮೆಸ್ಸಿನ ಲೆಕ್ಕ, ಮನೆಯ ಅಂಗಡಿಯ ಉದ್ರಿ ಪುಸ್ತಕದಂಥ ಒಂದು ಚಿಕ್ಕ ಪ್ರೋಗ್ರಾಂ ಬರೆದು, ಯಾರಾದರೂ ಒಬ್ಬರು ಅದನ್ನು ನಿಜವಾಗಿ ಬಳಸುವಂತೆ ಮಾಡಿದರೆ, ಅಂಗಡಿಯವರು ಬಳಸುವಾಗ ಎಲ್ಲಿ ತಪ್ಪಾಯಿತು, ಅದನ್ನು ಹೇಗೆ ಸರಿಪಡಿಸಿದಿರಿ ಎಂಬುದೇ ನಿಮ್ಮ ಎರಡನೆಯ ವಾಕ್ಯ.

ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿದವರು ಅದನ್ನು ಮುಚ್ಚಿಡುವುದನ್ನು ಕಂಡಿದ್ದೇನೆ, ಅದರ ಅಗತ್ಯವಿಲ್ಲ. ಮೊದಲ ವಾಕ್ಯದಲ್ಲಿಯೇ ಅದನ್ನು ಹೇಳಿ, ವರ್ಕ್‌ಶಾಪಿನಲ್ಲಿ ಕೈಯಾರೆ ನಡೆಸಿದ ಒಂದು ಯಂತ್ರದ ಹೆಸರನ್ನು ಸೇರಿಸಿದರೆ ನಿರ್ವಹಣೆ ಮತ್ತು ಉತ್ಪಾದನೆಯ ಕೆಲಸಗಳಿಗೆ ಅದು ಅನುಕೂಲವೇ ಆಗುತ್ತದೆ.

ಓದಿನ ನಡುವೆ ಒಂದು ವರ್ಷ ಬಿಟ್ಟುಹೋಗಿದ್ದರೆ ಅದಕ್ಕೆಂದೇ ಇರುವ ಕಾಲಂನಲ್ಲಿ ಸತ್ಯವಾದ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ, ಸಮ್ಮರಿಯಲ್ಲಿ ಬೇಡ. ಎಐಸಿಟಿಇ ಚಟುವಟಿಕೆ ಅಂಕಗಳಿಗಾಗಿ ಮಾಡಿದ ಕೆಲಸಗಳನ್ನು ಬರೆಯಬಹುದೇ ಎಂದೂ ಹಲವರು ಕೇಳುತ್ತಾರೆ. ನಿಗದಿತ ಅಂಕ ಪಡೆದೆ ಎಂಬುದು ಪದವಿಗೆ ಎಲ್ಲರೂ ಪೂರೈಸಬೇಕಾದ ನಿಯಮವಾದ್ದರಿಂದ ಅದನ್ನು ಬರೆದು ಪ್ರಯೋಜನವಿಲ್ಲ; ಹಳ್ಳಿಯ ಶಾಲೆಯ ವೈರಿಂಗ್ ಪರಿಶೀಲಿಸಿ ಅರ್ಥಿಂಗ್ ಇಲ್ಲದ ಪ್ಲಗ್ಗುಗಳ ಪಟ್ಟಿ ಮಾಡಿ ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದರೆ, ಆ ಕೆಲಸವನ್ನು ಮಾತ್ರ ಮೂರನೆಯ ವಾಕ್ಯದ ಜಾಗದಲ್ಲಿ ಧಾರಾಳವಾಗಿ ಬರೆಯಬಹುದು, ಪಟ್ಟಿಯ ಒಂದು ಪ್ರತಿ ನಿಮ್ಮ ಬಳಿ ಇದ್ದರೆ.